ಕಪ್ಪು ಕೂದಲಿಗೆ ತಿಳಿ ಗುಲಾಬಿ: ನಡುವೆ ಪರವಾಗಿಲ್ಲ, ಅಂಚಲ್ಲಿ ಕೊಳಕು ಗೆರೆ

ಹೇಮಾವತಿ ದಡ (ಹಾಸನ)

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಒಂದು ಹವ್ಯಾಸಿ ತಂಡ ಕಿರುಚಿತ್ರ ಮಾಡುತ್ತಿದೆ. ಪೋಸ್ಟರ್ ಕೆಲಸ ನನಗೆ ಬಂದಿದೆ. ನಾಯಕಿ ನೀರಿನಿಂದ ಎದ್ದು ಬರುವ ಒಂದು ಮಾಯಾಜೀವಿ. ಅವಳಿಗೆ ತಿಳಿ ಗುಲಾಬಿ ಕೂದಲು ಬೇಕಂತೆ. ನೀಲಿಯಲ್ಲಿ ಇನ್ನೊಂದು ಮಾದರಿಯನ್ನೂ ಕೇಳಿದ್ದಾರೆ.

ಫೋಟೋ ತೆಗೆದದ್ದು ಶೆಟ್ಟಿಹಳ್ಳಿ ಚರ್ಚ್ ಹತ್ತಿರ, ಮಳೆಗಾಲದ ಬೆಳಿಗ್ಗೆ. ಹಿಂದೆ ಪೂರ್ತಿ ಮೋಡ, ಬೂದು ಬಿಳಿ ಆಕಾಶ. ಹುಡುಗಿಯದ್ದು ಅಪ್ಪಟ ಕಪ್ಪು ಕೂದಲು, ಬಿಚ್ಚಿ ಬಿಟ್ಟಿದ್ದಾಳೆ. ಗಾಳಿಗೆ ಸಣ್ಣ ಎಳೆಗಳು ಸುತ್ತಲೂ ಹಾರುತ್ತಿವೆ. ರಾ ಫೈಲ್ ಇದೆ. ನಾನು ಬಳಸುವುದು ಜಿಂಪ್.

ಮೊದಲು ಕೂದಲ ಮೇಲೆ ಗುಲಾಬಿ ಬಣ್ಣ ಹಾಕಿ ಮೋಡ್ ಬದಲಿಸಿದೆ. ಬೀಟ್‌ರೂಟ್ ರಸ ಸುರಿದ ಹಾಗಾಯಿತು. ಆಮೇಲೆ ಕರ್ವ್ಸ್‌ನಲ್ಲಿ ಕೂದಲನ್ನು ಬೆಳ್ಳಗೆ ಮಾಡಿ ಬಣ್ಣ ಕೊಟ್ಟೆ. ನಡುವಿನ ಭಾಗ ಪರವಾಗಿಲ್ಲ ಅನ್ನಿಸಿತು. ಆದರೆ ತಲೆಯ ಸುತ್ತ ಒಂದು ಕಪ್ಪು ಬೂದು ಗೆರೆ ನಿಂತಿದೆ, ಪೆನ್ಸಿಲ್‌ನಲ್ಲಿ ಬರೆದ ಹಾಗೆ. ಮಾಸ್ಕ್ ಸ್ವಲ್ಪ ಹಿಗ್ಗಿಸಿದರೆ ಗೆರೆ ಹೋಗುತ್ತದೆ, ಆದರೆ ಆಕಾಶಕ್ಕೂ ಗುಲಾಬಿ ಹತ್ತಿ ದೇವರ ಪ್ರಭಾವಳಿ ಆಗುತ್ತದೆ. ಎಳೆ ಎಳೆಯಾಗಿ ಕಾಣುವುದೇ ಇಲ್ಲ. ಮೂರು ರಾತ್ರಿ ಹೋಯಿತು. ಯಾರಾದರೂ ದಾರಿ ತೋರಿಸಿ.

ತೋಟದ ಕ್ಯಾಮೆರಾ (ಮೂಡಿಗೆರೆ)

ಇದು ಸುಲಭ ಗುರು. ಲೆವೆಲ್ಸ್ ತೆಗೆದು ಕೆಳಗಿನ ಔಟ್‌ಪುಟ್ ಕಪ್ಪನ್ನು 0ಯಿಂದ 140ಕ್ಕೆ ಎಳೆಯಿರಿ. ಕಪ್ಪೆಲ್ಲ ಬೂದು ಆಗುತ್ತದೆ. ಅದರ ಮೇಲೆ ಗುಲಾಬಿ ಹಾಕಿ. ನೀವು ಮೊದಲು ಬಣ್ಣ ಹಾಕಿ ತಪ್ಪು ಮಾಡಿದ್ದೀರಿ. ಕಪ್ಪಿನ ಮೇಲೆ ಯಾವ ಬಣ್ಣವೂ ಕೂರಲ್ಲ. ಮೊದಲು ಬೆಳಕು, ಆಮೇಲೆ ಬಣ್ಣ. ಅಂಚಿಗೆ ಮಾಸ್ಕ್‌ಗೆ 3 ಪಿಕ್ಸೆಲ್ ಬ್ಲರ್ ಕೊಡಿ, ಮುಗೀತು.

ಸಕಲೇಶಪುರದ ಮಳೆ

ನನ್ನದೂ ಇದೇ ಕಥೆ! ನನಗೂ ತಿಳಿ ಗುಲಾಬಿ ಬೇಕು ಅಂತ ತುಂಬಾ ಆಸೆ. ಆದರೆ ನಾಲ್ಕು ವರ್ಷದಿಂದ ಪ್ಯಾಕೆಟ್ ಕಪ್ಪು ಮೆಹಂದಿ ಹಚ್ಚುತ್ತಾ ಇದ್ದೇನೆ. ಅದರ ಮೇಲೆ ಬ್ಲೀಚ್ ಮಾಡಿದರೆ ಬಣ್ಣ ಹಿಡಿಯುತ್ತಾ? ಅಂಚಲ್ಲಿ ಗೆರೆ ಬರುತ್ತಾ?

ಪಾರ್ಲರ್ ಅಕ್ಕ (ಚಿಕ್ಕಮಗಳೂರು)

ಮಳೆ ಅವರೇ, ಇಲ್ಲಿ ಫೋಟೋದ ಕೂದಲ ಮಾತು ನಡೀತಿದೆ 😄 ಆದರೂ ಕೇಳಿದ್ದು ಒಳ್ಳೆಯದಾಯಿತು. ದಯವಿಟ್ಟು ಮನೆಯಲ್ಲಿ ಮಾಡಬೇಡಿ. ಕೆಲವು ಪ್ಯಾಕೆಟ್ ಮೆಹಂದಿಯಲ್ಲಿ ಲೋಹದ ಲವಣ ಇರುತ್ತದೆ. ಅದಕ್ಕೆ ಬ್ಲೀಚ್‌ನ ಪೆರಾಕ್ಸೈಡ್ ತಗುಲಿದರೆ ಕೂದಲು ಬಿಸಿಯಾಗಿ ತುಂಡಾಗಬಹುದು. ಮೊದಲು ಉದುರಿದ ಕೂದಲನ್ನು ಸೇರಿಸಿ ಒಂದು ಸಣ್ಣ ಎಳೆ ಮಾಡಿ, ಪಾರ್ಲರ್‌ನಲ್ಲಿ ಪರೀಕ್ಷೆ ಮಾಡಿಸಿ.

ಇನ್ನು ಹೇಮಾವತಿ ಅವರಿಗೆ ಒಂದು ಮಾತು. ನಮ್ಮವರ ಕಪ್ಪು ಕೂದಲಿಗೆ ಪೇಸ್ಟಲ್ ಬಣ್ಣ ಹಿಡಿಯಬೇಕಾದರೆ ಅದನ್ನು ಬಾಳೆಹಣ್ಣಿನ ಸಿಪ್ಪೆಯ ಒಳಬದಿಯ ಹಳದಿಗೆ ತರಬೇಕು. ದಾರಿಯಲ್ಲಿ ಅದು ಕೆಂಪು, ಕಿತ್ತಳೆ, ಗಾಢ ಹಳದಿ ಎಲ್ಲ ಆಗುತ್ತದೆ. ಅಷ್ಟು ಬ್ಲೀಚ್ ಆದ ಕೂದಲಿಗೆ ನಿಮ್ಮ ಹುಡುಗಿಯ ಕಪ್ಪು ಕೂದಲ ಥರ ಎಣ್ಣೆ ಹೊಳಪು ಇರುವುದಿಲ್ಲ. ಹೊಳಪು ಹರಡಿಕೊಂಡು ಮಂಕಾಗಿರುತ್ತದೆ. ತುದಿ ಬುಡಕ್ಕಿಂತ ತಿಳಿ. ಬುಡದಲ್ಲಿ ಒಂದಿಷ್ಟು ಕಪ್ಪು ಇದ್ದೇ ಇರುತ್ತದೆ. ಎಡಿಟ್ ಮಾಡಿದ ಫೋಟೋಗಳಲ್ಲಿ ಬೈತಲೆಯಿಂದಲೇ ಗುಲಾಬಿ ಶುರುವಾಗಿರುತ್ತದೆ. ನೋಡಿದ ತಕ್ಷಣ ವಿಗ್ ಅನ್ನಿಸುತ್ತದೆ.

ಬೇಲೂರು ರಸ್ತೆ

ಹಾಗಾದರೆ ಸುಮ್ನೆ ವಿಗ್ ಹಾಕಿಸಿ ಫೋಟೋ ತೆಗೀಬಹುದಿತ್ತಲ್ವಾ? ಮೂರು ರಾತ್ರಿ ಉಳೀತಿತ್ತು.

ಹೇಮಾವತಿ ದಡ (ಹಾಸನ)

ವಿಗ್ ತಂದಿದ್ದರು ಸಾರ್. ಕಡಿಮೆ ಬೆಲೆಯದು, ಪ್ಲಾಸ್ಟಿಕ್ ಹಗ್ಗದ ಥರ ಮಿಂಚುತ್ತಿತ್ತು. ನಿರ್ದೇಶಕರು ನೋಡಿ ನಕ್ಕು ಪಕ್ಕಕ್ಕಿಟ್ಟರು.

ತೋಟದ ಅಣ್ಣ, ನೀವು ಹೇಳಿದ ಹಾಗೆ ಮಾಡಿದೆ. ಬೀಟ್‌ರೂಟ್ ಹೋಯಿತು. ಆದರೆ ಕೂದಲು ಮಂಜಿನೊಳಗೆ ಇದ್ದ ಹಾಗೆ ಚಪ್ಪಟೆ ಆಯಿತು. ಬ್ಲರ್ ಕೊಟ್ಟ ಮೇಲೆ ಗೆರೆ ಇನ್ನೂ ದಪ್ಪ ಆಗಿದೆ.

ಕತ್ತಲೆ ಕೋಣೆ (ಚಿಕ್ಕಮಗಳೂರು)

ಇಪ್ಪತ್ತು ವರ್ಷ ಬೆಂಗಳೂರಲ್ಲಿ ಜಾಹೀರಾತು ಫೋಟೋ ರಿಟಚ್ ಮಾಡಿ ಈಗ ಊರಿಗೆ ಬಂದು ಕೂತಿದ್ದೇನೆ. ಶಾಂಪೂ ಕೆಲಸ ಬಹಳ ಮಾಡಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ತೋಟದವರು ಹೇಳಿದ ಕ್ರಮ ಸರಿ. ಮೊದಲು ಬೆಳಕು, ಆಮೇಲೆ ಬಣ್ಣ. ಆದರೆ ಲೆವೆಲ್ಸ್ ಎಳೆದರೆ ಎಲ್ಲವೂ ಸಮನಾಗಿ ಕುಗ್ಗುತ್ತದೆ. ಅದಕ್ಕೇ ಮಂಜು. ಪಾರ್ಲರ್ ಅಕ್ಕ ಹೇಳಿದ ಹೊಳಪಿನ ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ. ಕಪ್ಪು ಕೂದಲಿಗೆ ಬಿದ್ದ ಬೆಳಕಿನಲ್ಲಿ ಸ್ವಲ್ಪ ಭಾಗ ಮೇಲ್ಮೈಯಿಂದಲೇ ಚಿಮ್ಮುತ್ತದೆ. ಅದೇ ಆ ಬಿಳಿ ಮಿಂಚು. ಒಳಗೆ ಹೋದ ಬೆಳಕನ್ನು ಮೆಲನಿನ್ ನುಂಗಿಬಿಡುತ್ತದೆ. ಬ್ಲೀಚ್ ಆದ ಕೂದಲಲ್ಲಿ ನುಂಗುವವರಿಲ್ಲ. ಬೆಳಕು ಒಂದು ಎಳೆಯನ್ನು ತೂರಿ ಇನ್ನೊಂದಕ್ಕೆ ಹೋಗುತ್ತದೆ, ಅಲ್ಲಿಂದ ಮತ್ತೊಂದಕ್ಕೆ. ಹೋದಲ್ಲೆಲ್ಲ ಬಣ್ಣ ಹೊತ್ತುಕೊಂಡು ಹೋಗುತ್ತದೆ. ಹಾಗಾಗಿ ನೆರಳು ಕಪ್ಪಾಗಿರುವುದಿಲ್ಲ, ಗಾಢ ಗುಲಾಬಿ ಆಗಿರುತ್ತದೆ. ಈ ಒಳಬೆಳಕು ನಿಮ್ಮ ಫೋಟೋದಲ್ಲಿ ಇಲ್ಲವೇ ಇಲ್ಲ. ಸ್ಲೈಡರ್ ಎಳೆದರೆ ಸಿಗುವಂಥದ್ದಲ್ಲ, ನೀವೇ ಕೊಡಬೇಕು.

ನಾನು ಮಾಡುವ ರೀತಿ ಹೇಳುತ್ತೇನೆ. ರಾ ಫೈಲ್ ತೆರೆಯುವಾಗ ಕೂದಲಿಗಾಗಿ ಒಂದು ಬೇರೆ ಪ್ರತಿ ತೆಗೆಯಿರಿ. ಅದರಲ್ಲಿ ನೆರಳನ್ನು ಎತ್ತಿ, ಬಣ್ಣದ ನಾಯ್ಸ್ ತೆಗೆದು, ಪೂರ್ತಿ ಕಪ್ಪು ಬಿಳುಪು ಮಾಡಿ. ಕತ್ತಲೆಯನ್ನು ಇಷ್ಟು ಎತ್ತಿದಾಗ ಒಳಗೆ ಅಡಗಿದ್ದ ಕೆಂಪು ಹಸಿರು ಚುಕ್ಕೆಗಳೆಲ್ಲ ಹೊರಗೆ ಬರುತ್ತವೆ. ಬಣ್ಣ ತೆಗೆದುಬಿಟ್ಟರೆ ಆ ತಲೆನೋವು ಇಲ್ಲ. ಆಮೇಲೆ ಕರ್ವ್ಸ್. 25 ಇದ್ದದ್ದು 160ಕ್ಕೆ ಬರಲಿ, 60 ಇದ್ದದ್ದು 195ಕ್ಕೆ, 180 ಇದ್ದದ್ದು 235ಕ್ಕೆ. ಗೆರೆ ಮೊದಲು ಕಡಿದಾಗಿ ಏರಿ ಆಮೇಲೆ ಮಲಗುತ್ತದೆ. ಕತ್ತಲೆಯೊಳಗಿನ ಎಳೆಗಳು ಬಿಡಿಸಿಕೊಳ್ಳುತ್ತವೆ, ಬಿಳಿ ಮಿಂಚು ತಗ್ಗುತ್ತದೆ. ಇದೇ ನಮ್ಮ ಬ್ಲೀಚ್.

ಬಣ್ಣಕ್ಕೆ ಒಂದೇ ಗುಲಾಬಿ ಬಳಿಯಬೇಡಿ. ಗ್ರೇಡಿಯೆಂಟ್ ಮ್ಯಾಪ್ ಹಾಕಿ. ಜಿಂಪ್‌ನಲ್ಲಿ Colors > Map > Gradient Map. ನನ್ನ ಮೂರು ನಿಲುಗಡೆ ಇವು:

```
ನೆರಳು   #B0708A
ನಡು     #E8B4C4
ಮಿಂಚು   #FBEDEF
```

ನೆರಳಿನಲ್ಲಿ ಬಣ್ಣ ದಟ್ಟ, ಬೆಳಕಿನಲ್ಲಿ ಬಹುತೇಕ ಬಿಳಿ. ಇದನ್ನು ತಿರುಗಾಮುರುಗಾ ಮಾಡಿದರೆ ಬೊಂಬಾಯಿ ಮಿಠಾಯಿ ಆಗುತ್ತದೆ.

ಅಂಚಿನ ವಿಷಯ ಸಂಜೆ ಬರೆಯುತ್ತೇನೆ. ಅದೇ ನಿಮ್ಮ ನಿಜವಾದ ಪ್ರಶ್ನೆ. ಕರೆಂಟ್ ಹೋಯಿತು.

ಮೂರನೇ ಬೆಂಚು (ಹಾಸನ)

ನಾನು ಬ್ಲೆಂಡರ್‌ನಲ್ಲಿ ಕೂದಲು ಮಾಡುತ್ತೇನೆ, ಓದುತ್ತಿರುವುದು ಎಂಜಿನಿಯರಿಂಗ್. ಕತ್ತಲೆ ಕೋಣೆ ಸರ್ ಹೇಳಿದ್ದು ನಮ್ಮ ಕಡೆಯೂ ಹಾಗೇ. Principled Hair BSDF ಅಂತ ಒಂದು ಮೆಟೀರಿಯಲ್ ಇದೆ. ಅದರಲ್ಲಿ Melanin ಅಂತಲೇ ಒಂದು ಸ್ಲೈಡರ್ ಇದೆ. ಅದನ್ನು ಇಳಿಸಿದರೆ ಮಿಂಚು ಮಾತ್ರ ಅಲ್ಲ, ಇಡೀ ನೆರಳು ಬದಲಾಗುತ್ತದೆ. ತಿಳಿ ಕೂದಲಿಗೆ ಬೆಳಕಿನ ಪುಟಿತ ಕಡಿಮೆ ಇಟ್ಟರೆ ಕೊಳೆ ಮೆತ್ತಿದ ಹಾಗೆ ಕಾಣುತ್ತದೆ. ಬೆಳಕು ಎಷ್ಟೋ ಎಳೆ ದಾಟುವ ಮೊದಲೇ ಲೆಕ್ಕ ನಿಲ್ಲಿಸಿದಂತೆ ಆಗುತ್ತದೆ.

ಬೇಕಿದ್ದರೆ ಒಂದು ತಲೆ ಮಾಡಿ, ಮೋಡದ ಬೆಳಕು ಇಟ್ಟು ಕಪ್ಪು ಒಂದು, ಗುಲಾಬಿ ಒಂದು ರೆಂಡರ್ ಕೊಡುತ್ತೇನೆ. ಪಕ್ಕದಲ್ಲಿಟ್ಟುಕೊಂಡು ನೋಡಬಹುದು.

ಹೇಮಾವತಿ ದಡ (ಹಾಸನ)

ಕೊಡಪ್ಪ, ಪುಣ್ಯ ಬರುತ್ತದೆ. ಕತ್ತಲೆ ಕೋಣೆ ಸರ್, ಕರ್ವ್ಸ್ ಮಾಡಿದೆ. ಒಳಗೆ ಅದ್ಭುತ! ಇಷ್ಟು ಎಳೆ ಇತ್ತು ಅಂತಲೇ ಗೊತ್ತಿರಲಿಲ್ಲ. ಒಂದು ತಮಾಷೆ ಏನೆಂದರೆ ಕಿವಿ ಹಿಂದೆ ಸಿಕ್ಕಿಸಿದ್ದ ಕಪ್ಪು ಹೇರ್‌ಪಿನ್ನೂ ಗುಲಾಬಿ ಆಗಿದೆ.

ಪಾರ್ಲರ್ ಅಕ್ಕ (ಚಿಕ್ಕಮಗಳೂರು)

ಪಿನ್ನನ್ನು ಕಪ್ಪಾಗಿಯೇ ಬಿಡಿ. ತಿಳಿ ಕೂದಲಲ್ಲಿ ಕಪ್ಪು ಪಿನ್ ಎದ್ದು ಕಾಣುವುದೇ ಸಹಜ. ನಾವು ದಿನಾ ನೋಡ್ತೀವಿ.

ಕತ್ತಲೆ ಕೋಣೆ (ಚಿಕ್ಕಮಗಳೂರು)

ಕರೆಂಟ್ ಬಂತು. ಈಗ ಗೆರೆ.

ಅಂಚಲ್ಲಿರುವ ಒಂದು ಪಿಕ್ಸೆಲ್ ತಗೊಳ್ಳಿ. ಅದು ಪೂರ್ತಿ ಕೂದಲಲ್ಲ, ಪೂರ್ತಿ ಆಕಾಶವೂ ಅಲ್ಲ. ಕೂದಲ ಎಳೆ ಪಿಕ್ಸೆಲ್‌ಗಿಂತ ತೆಳು. ಅರ್ಧ ಕೂದಲು, ಅರ್ಧ ಆಕಾಶ ಬೆರೆತು ಒಂದು ಬೂದು ಬಂದಿರುತ್ತದೆ. ನಾವು ಎಳೆಯ ಪಾರದರ್ಶಕತೆ ಅನ್ನುವುದು ಬಹುಪಾಲು ಈ ಬೆರಕೆಯನ್ನೇ.

ನಿಮ್ಮ ಫೋಟೋದಲ್ಲಿ ಆಕಾಶ 230, ಕೂದಲು 25, ಅಂಚಿನ ಒಂದು ಪಿಕ್ಸೆಲ್ 150 ಅಂದುಕೊಳ್ಳಿ. ಆಕಾಶದಿಂದ 80 ಇಳಿದಿದೆ. ಪೂರ್ತಿ ಕೂದಲಾಗಿದ್ದರೆ 205 ಇಳಿಯುತ್ತಿತ್ತು. 80ನ್ನು 205ರಿಂದ ಭಾಗಿಸಿದರೆ 0.39. ಅಂದರೆ ಆ ಪಿಕ್ಸೆಲ್‌ನಲ್ಲಿ ಕೂದಲು ಶೇ. 39.

ನೀವು ಮಾಡಿದ್ದೇನು? ಕರ್ವ್ಸ್ ಆ 150ನ್ನು ಸುಮಾರು 225ಕ್ಕೆ ಎತ್ತಿತು. ನಿಮ್ಮ ಮೆತ್ತನೆ ಮಾಸ್ಕ್ ಅದರಲ್ಲಿ ಶೇ. 39 ಮಾತ್ರ ಒಳಗೆ ಬಿಟ್ಟಿತು. 150ಕ್ಕೆ 75ರ ಶೇ. 39 ಸೇರಿ ಬಂದದ್ದು 179. ಆಕಾಶ 230, ಬಣ್ಣ ಹಾಕಿದ ಹೊಸ ಕೂದಲು ಹೆಚ್ಚುಕಡಿಮೆ 200. ಎರಡು ಬೆಳಕಿನ ನಡುವೆ 179ರ ಒಂದು ಕಪ್ಪು ದಾರ. ಅದೇ ನಿಮ್ಮ ಪೆನ್ಸಿಲ್ ಗೆರೆ. ಹಳೆಯ ಕಪ್ಪು ಎಳೆ ಆ ಪಿಕ್ಸೆಲ್‌ನಲ್ಲಿ ಇನ್ನೂ ಕೂತಿದೆ, ನೀವು ಅದನ್ನು ತೆಗೆದೇ ಇಲ್ಲ. ಬ್ಲರ್ ಕೊಟ್ಟರೆ ಇಂಥ ಅರೆಬರೆ ಪಿಕ್ಸೆಲ್ ಇನ್ನಷ್ಟು ಆಗುತ್ತವೆ, ಗೆರೆ ದಪ್ಪ ಆಗುತ್ತದೆ. ಮಾಸ್ಕ್ ಗಟ್ಟಿ ಮಾಡಿ ಹಿಗ್ಗಿಸಿದರೆ ಆಕಾಶದ ಪಾಲಿಗೂ ಗುಲಾಬಿ ಬಿದ್ದು ಪ್ರಭಾವಳಿ. ಮಾಸ್ಕ್ ತಿದ್ದಿ ತಿದ್ದಿ ಇದರಿಂದ ಪಾರಾಗಲು ಆಗುವುದಿಲ್ಲ.

ಅಂಚಿನಲ್ಲಿ ಕರ್ವ್ಸ್ ಬೇಡ. ಅಲ್ಲಿ ಎತ್ತುವುದಲ್ಲ, ಕೂಡಿಸುವುದು:

```
ಹೊಸದು = ಹಳೆಯದು + ಪಾಲು × (ಹೊಸ ಕೂದಲು − ಹಳೆ ಕೂದಲು)
```

ಹೊಸ ಕೂದಲಿನ ಬಣ್ಣ 235, 190, 200 ಇರಲಿ. ಕೆಂಪಿನಲ್ಲಿ 150 + 0.39 × 210, ಅಂದರೆ 232. ಹಸಿರಿನಲ್ಲಿ 150 + 0.39 × 165, ಅಂದರೆ 214. ನೀಲಿಯಲ್ಲಿ 218. ಬಂದ ಬಣ್ಣ 232, 214, 218. ಆಕಾಶದ ಮುಂದೆ ಮೆಲ್ಲಗೆ ಗುಲಾಬಿ ಹತ್ತಿದ ಒಂದು ಎಳೆ. ಆಕಾಶದ ಪಾಲನ್ನು ಮುಟ್ಟಲೇ ಇಲ್ಲ.

ಕೂದಲು ಕಪ್ಪಾಗಿರುವುದು ಇಲ್ಲಿ ನಮ್ಮ ಅದೃಷ್ಟ. ಹಳೆ ಕೂದಲು ಹೆಚ್ಚುಕಡಿಮೆ ಸೊನ್ನೆ. ಹಾಗಾಗಿ ಪಾಲು ಕಂಡುಹಿಡಿಯುವುದು ಸುಲಭ. ಫೋಟೋದ ಒಂದು ಪ್ರತಿಯಲ್ಲಿ ಹುಡುಗಿಯನ್ನು ಅಳಿಸಿ ಬರೀ ಆಕಾಶ ತುಂಬಿಸಿ. ಕ್ಲೋನ್ ಮಾಡಿ, ಜೋರಾಗಿ ಬ್ಲರ್ ಕೊಟ್ಟರೂ ನಡೆಯುತ್ತದೆ, ಮೋಡ ತಾನೇ. ಆ ಖಾಲಿ ಆಕಾಶವನ್ನು ಫೋಟೋದ ಮೇಲೆ Divide ಮೋಡ್‌ನಲ್ಲಿ ಇಡಿ. ಆಕಾಶ ಇದ್ದಲ್ಲೆಲ್ಲ ಬಿಳಿ ಆಗುತ್ತದೆ, ಕೂದಲು ಕಪ್ಪಾಗಿ ಉಳಿಯುತ್ತದೆ. ಎರಡನ್ನೂ ಸೇರಿಸಿ ಕಪ್ಪು ಬಿಳುಪು ಮಾಡಿ, Colors > Linear Invert ಕೊಡಿ. ಅದೇ ನಿಮ್ಮ ಮಾಸ್ಕ್. ಮೋಡ ಒಂದು ಕಡೆ ಬೆಳ್ಳಗೆ, ಇನ್ನೊಂದು ಕಡೆ ಮಬ್ಬಾಗಿದ್ದರೂ ಚಿಂತೆಯಿಲ್ಲ, ಭಾಗಾಕಾರ ಅದನ್ನು ನೋಡಿಕೊಳ್ಳುತ್ತದೆ. ಮುಖ, ಬಟ್ಟೆ ಕೂಡ ಮಾಸ್ಕ್‌ಗೆ ಬಂದಿರುತ್ತವೆ. ಅವನ್ನು ಕೈಯಲ್ಲಿ ಅಳಿಸಿ.

ಆಮೇಲೆ ಒಂದು ಹೊಸ ಲೇಯರ್. ಪಕ್ಕದ ಕೂದಲಿನ ಗುಲಾಬಿಯನ್ನು ಆರಿಸಿ ತುಂಬಿಸಿ, ಈ ಮಾಸ್ಕ್ ಹಾಕಿ, ಮೋಡ್ Addition. ಇದು ಹೊರಗಿನ ಪಟ್ಟಿಗೆ ಮಾತ್ರ, ಎಳೆಗಳ ನಡುವೆ ಆಕಾಶ ಇಣುಕುವ ಜಾಗಕ್ಕೆ. ಒಳಗೆ ನಿಮ್ಮ ಕರ್ವ್ಸ್ ಕೂದಲೇ ಇರಲಿ. ಎರಡೂ ಸೇರುವಲ್ಲಿ ದೊಡ್ಡ ಮೆತ್ತನೆ ಬ್ರಶ್‌ನಿಂದ ಬೆಸೆಯಿರಿ.

ತೋಟದ ಕ್ಯಾಮೆರಾ (ಮೂಡಿಗೆರೆ)

ಇಷ್ಟೆಲ್ಲ ಲೆಕ್ಕ ಯಾಕೆ ಸಾರ್? ಜಿಂಪ್‌ನಲ್ಲೇ ಫೋರ್‌ಗ್ರೌಂಡ್ ಸೆಲೆಕ್ಟ್ ಇದೆ. ಅದು ಕೂದಲನ್ನು ತಾನೇ ಬಿಡಿಸಿಕೊಡುತ್ತದೆ. ನಾನು ಎಷ್ಟೋ ಸಲ ಬಳಸಿದ್ದೇನೆ.

ಕತ್ತಲೆ ಕೋಣೆ (ಚಿಕ್ಕಮಗಳೂರು)

ಬಳಸಿ, ತಪ್ಪಿಲ್ಲ. ಹಿಂದೆ ಮರ, ಗೋಡೆ ಇದ್ದರೆ ನಾನೂ ಅದನ್ನೇ ಬಳಸುತ್ತೇನೆ. ಆದರೆ ಅದು ಕೊಡುವುದು ಪಾಲನ್ನು ಮಾತ್ರ. ಆ ಪಾಲಿನಲ್ಲಿ ಏನು ಮಾಡುತ್ತೀರಿ ಅನ್ನುವುದು ಮುಂದಿನ ಪ್ರಶ್ನೆ. ಎಂಥ ಒಳ್ಳೆ ಮಾಸ್ಕ್ ಇದ್ದರೂ ಅದರೊಳಗೆ ಕರ್ವ್ಸ್ ಎತ್ತಿದರೆ ಮತ್ತೆ 179 ಬರುತ್ತದೆ.

ತೋಟದ ಕ್ಯಾಮೆರಾ (ಮೂಡಿಗೆರೆ)

ಹ್ಞಾಂ. ಈಗ ಅರ್ಥ ಆಯ್ತು. ನನ್ನ ಹಳೆಯ ಫೋಟೋಗಳಲ್ಲೂ ಆ ಗೆರೆ ಇದೆ. ನಾನು ಅದನ್ನು ಶಾರ್ಪ್‌ನೆಸ್ ಅಂದುಕೊಂಡಿದ್ದೆ.

ಮೂರನೇ ಬೆಂಚು (ಹಾಸನ)

ಸರ್, ಒಂದು ತಕರಾರು. ನೀವು 230, 150, 25 ಅಂತ ನೇರವಾಗಿ ಕಳೆದಿರಿ. ಆದರೆ ಅವು ಗಾಮಾ ಹಚ್ಚಿದ ಅಂಕೆ. ಕ್ಯಾಮೆರಾದೊಳಗೆ ಬೆಳಕು ಬೆರೆತದ್ದು ನೇರ ಅಳತೆಯಲ್ಲಿ. ಆ ಅಳತೆಗೆ ತಂದರೆ 230 ಅಂದರೆ 0.79, 150 ಅಂದರೆ 0.305, 25 ಅಂದರೆ 0.01. ಆಗ ಪಾಲು 0.39 ಅಲ್ಲ, 0.62 ಬರುತ್ತದೆ. ಎಳೆ ನಿಜವಾಗಿ ಇನ್ನೂ ದಪ್ಪ ಇದೆ.

ಕತ್ತಲೆ ಕೋಣೆ (ಚಿಕ್ಕಮಗಳೂರು)

ಭಲೇ. ಅರ್ಥವಾಗಲಿ ಅಂತ ಕಣ್ಣಿಗೆ ಕಾಣುವ ಅಂಕೆ ಕೊಟ್ಟೆ, ನೀನು ಹಿಡಿದೆ. ಹೌದು, ಕೆಲಸ ಮಾಡುವಾಗ ಜಿಂಪ್‌ನಲ್ಲಿ Image > Precision ಒಳಗೆ 32 ಬಿಟ್ ಫ್ಲೋಟ್ ಮತ್ತು Linear light ಆರಿಸಿಕೊಳ್ಳಬೇಕು. Linear Invert ಅಂದದ್ದೂ ಅದಕ್ಕೇ. ಫೋಟೋಶಾಪ್‌ನವರು Color Settings ಒಳಗೆ Blend RGB Colors Using Gamma ಅನ್ನುವಲ್ಲಿ 1.00 ಇಡಬಹುದು.

ವ್ಯತ್ಯಾಸ ಎಷ್ಟು ಅಂದರೆ, ಮೇಲಿನ ಲೆಕ್ಕದಲ್ಲಿ ಹಸಿರು 214 ಬದಲು 206 ಬರುತ್ತದೆ. ಒಂದು ಪಿಕ್ಸೆಲ್‌ನಲ್ಲಿ ಏನೂ ಅಲ್ಲ. ಆದರೆ ಇಡೀ ತಲೆಯ ಸುತ್ತ ಎಳೆಗಳು ಸವೆದು ಹೋದ ಹಾಗೆ ಕಾಣುವುದು, ಕಾಣದಿರುವುದು ಈ ಎಂಟು ಅಂಕೆಯಲ್ಲಿದೆ.

ಹೇಮಾವತಿ ದಡ (ಹಾಸನ)

ಎರಡು ದಿನ ಆಯಿತು, ಕ್ಷಮಿಸಿ. ನಡುವೆ ಒಂದು ನಾಮಕರಣದ ಫೋಟೋ ಇತ್ತು.

ಗೆರೆ ಹೋಯಿತು! ನಿಜಕ್ಕೂ ಹೋಯಿತು. ಎಳೆಗಳ ಹಿಂದೆ ಆಕಾಶ ಕಾಣುತ್ತದೆ. ಆದರೆ ಬಲಗಡೆ ಒಂದು ಜಾಗದಲ್ಲಿ ಕೂದಲು ಚರ್ಚಿನ ಕಂಬದ ಮುಂದೆ ಬಂದಿದೆ. ಮಳೆಗೆ ನೆನೆದ ಕಂಬ, ಪಾಚಿ ಹಿಡಿದು ಕಪ್ಪಾಗಿದೆ. ಅಲ್ಲಿ ಮಾಸ್ಕ್ ಬರೀ ಗೋಜಲು.

ಕತ್ತಲೆ ಕೋಣೆ (ಚಿಕ್ಕಮಗಳೂರು)

ಅಲ್ಲಿ ಬರುವುದಿಲ್ಲ. ಕೂದಲು 25, ಕಂಬ 35 ಇದ್ದರೆ ಕಳೆಯುವುದಕ್ಕೆ ಏನಿದೆ? ಹತ್ತು ಅಂಕೆ, ಅದರಲ್ಲಿ ಅರ್ಧ ನಾಯ್ಸ್. ಕಪ್ಪಿನ ಮುಂದಿನ ಕಪ್ಪು ಎಳೆಯನ್ನು ಕ್ಯಾಮೆರಾ ನೋಡಿಯೇ ಇಲ್ಲ. ಅಲ್ಲಿ ಎಳೆಗಳನ್ನು ಬರೆಯಬೇಕು. ಎರಡು ಪಿಕ್ಸೆಲ್ ಬ್ರಶ್, ತುದಿಗೆ ಹೋಗುತ್ತಾ ತೆಳುವಾಗಲಿ. ಬುಡ ಶೇ. 70, ತುದಿ ಶೇ. 20. ಇಪ್ಪತ್ತು ಮೂವತ್ತು ಎಳೆ ಸಾಕು. ಎಲ್ಲ ಒಂದೇ ದಿಕ್ಕಿಗೆ ಬಾಗಿದರೆ ಪೊರಕೆ ಆಗುತ್ತದೆ. ಒಂದೆರಡು ಒಂದನ್ನೊಂದು ದಾಟಲಿ.

ಇದರಲ್ಲಿ ಒಂದು ವಿಚಿತ್ರ ಇದೆ. ಪೇಸ್ಟಲ್ ಕೂದಲು ಚೆಂದ ಕಾಣುವುದು ಕಪ್ಪು ಹಿನ್ನೆಲೆಯಲ್ಲಿ. ಕಪ್ಪು ಕೂದಲನ್ನು ಬಿಡಿಸಲು ಬೇಕಾಗುವುದು ಬಿಳಿ ಹಿನ್ನೆಲೆ. ಮುಂದಿನ ಸಲ ಮೊದಲೇ ಗೊತ್ತಿದ್ದರೆ ಹುಡುಗಿಯ ಹಿಂದೆ ಬಿಳಿ ಪಂಚೆಯೋ ಬೆಡ್‌ಶೀಟೋ ಹಿಡಿಸಿ ಒಂದು ಫೋಟೋ ತೆಗೆಯಿರಿ. ಎಕ್ಸ್‌ಪೋಶರ್ ಒಂದು ಸ್ಟಾಪ್ ಜಾಸ್ತಿ, ಆದರೆ ಬಟ್ಟೆ 255ಕ್ಕೆ ಹೋಗಬಾರದು. ಹೋದರೆ ಸಣ್ಣ ಎಳೆಗಳನ್ನು ಬೆಳಕು ತಿಂದುಬಿಡುತ್ತದೆ.

ಬೇಲೂರು ರಸ್ತೆ

ಸಾರ್, ಫೋನಲ್ಲಿ ತೆಗೆದ ಜೆಪೆಗ್‌ಗೆ ಇದು ಆಗುತ್ತಾ?

ಕತ್ತಲೆ ಕೋಣೆ (ಚಿಕ್ಕಮಗಳೂರು)

ಅಂಚು ಸ್ವಲ್ಪ ಮಟ್ಟಿಗೆ ಆಗುತ್ತದೆ. ಒಳಗಿನ ಬ್ಲೀಚ್ ಕಷ್ಟ. ಜೆಪೆಗ್ ಕತ್ತಲೆಯಲ್ಲಿ ಎಳೆಗಳನ್ನು ಎಸೆದು ಎಂಟಕ್ಕೆಂಟು ಪಿಕ್ಸೆಲ್ ಚೌಕ ಮಾಡಿಟ್ಟಿರುತ್ತದೆ. 25ನ್ನು 160ಕ್ಕೆ ಎತ್ತಿದಾಗ ತಲೆ ಮೇಲೆ ಚೌಕಾಬಾರದ ಮನೆ ಕಾಣುತ್ತವೆ. ಪರೀಕ್ಷೆ ಸುಲಭ. ಮೊದಲು ಕರ್ವ್ಸ್ ಎತ್ತಿ ನೋಡಿ. ಎಳೆ ಕಂಡರೆ ಮುಂದುವರಿಯಿರಿ, ಚೌಕ ಕಂಡರೆ ಮತ್ತೆ ಫೋಟೋ ತೆಗೆಯಿರಿ.

ಹೇಮಾವತಿ ದಡ (ಹಾಸನ)

ಕಂಬದ ಹತ್ತಿರ ಎಳೆ ಬರೆದೆ. ಮೊದಲ ಸಲ ಪೊರಕೆಯೇ ಆಯಿತು 😅 ಎರಡನೇ ಸಲ ಸರಿ ಹೋಯಿತು. ಮೂರನೇ ಬೆಂಚಿನ ತಮ್ಮ ಕಳಿಸಿದ ಎರಡು ರೆಂಡರ್ ಬಹಳ ಸಹಾಯ ಆಯಿತು. ಅದರಲ್ಲಿ ಕುತ್ತಿಗೆ ಮೇಲೆ ಗುಲಾಬಿ ಬೆಳಕು ಬಿದ್ದಿತ್ತು. ನನ್ನದರಲ್ಲಿ ಕುತ್ತಿಗೆ ಇನ್ನೂ ಕಪ್ಪು ಕೂದಲಿನ ನೆರಳಲ್ಲೇ ಇದೆ. ಕೂದಲು ಅಂಟಿಸಿದ ಹಾಗೆ ಕಾಣುತ್ತಿದ್ದದ್ದು ಅದಕ್ಕೇ ಇರಬೇಕು. ಕುತ್ತಿಗೆ, ಕೆನ್ನೆಯ ಬದಿ ಸ್ವಲ್ಪ ಬೆಳಕು ಮಾಡಿ, ಗುಲಾಬಿ ಶೇ. 7 ಹಾಕಿದೆ. ತಲೆ ಮೈಗೆ ಕೂತಿತು.

ಈಗ ಬೈತಲೆ. ಅಕ್ಕ, ಅದೇನೋ ಸರಿ ಇಲ್ಲ. ಏನು ಅಂತ ಗೊತ್ತಾಗುತ್ತಿಲ್ಲ.

ಪಾರ್ಲರ್ ಅಕ್ಕ (ಚಿಕ್ಕಮಗಳೂರು)

ಫೋಟೋ ನೋಡಿದೆ. ಕಪ್ಪು ಕೂದಲಲ್ಲಿ ಬೈತಲೆ ಬಿಳಿ ಗೆರೆ ಥರ ಕಾಣುತ್ತದೆ. ಕೂದಲು ತಿಳಿಯಾದರೆ ಉಲ್ಟಾ. ನಮ್ಮ ನೆತ್ತಿಯ ಚರ್ಮ ಗುಲಾಬಿ ಕೂದಲಿಗಿಂತ ಗಾಢ. ನೀವು ಕೂದಲ ಜೊತೆ ನೆತ್ತಿಯನ್ನೂ ಬೆಳ್ಳಗೆ ಮಾಡಿಬಿಟ್ಟಿದ್ದೀರಿ. ಅದನ್ನು ಮೊದಲಿನ ಹಾಗೆ ಚರ್ಮದ ಬಣ್ಣಕ್ಕೆ ತನ್ನಿ. ಎರಡೂ ಬದಿ ಒಂದು ಸೆಂಟಿಮೀಟರ್ ಬುಡ ಕಪ್ಪು ಬಿಡಿ. ಗೆರೆ ಎಳೆದ ಹಾಗೆ ಬೇಡ. ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ. ಕಪ್ಪಿಗೂ ಗುಲಾಬಿಗೂ ನಡುವೆ ಸ್ವಲ್ಪ ಕಿತ್ತಳೆ ಕಂದು ಬಂದರೆ ನಿಜ ಅನ್ನಿಸುತ್ತದೆ. ಹುಬ್ಬು ಮುಟ್ಟಬೇಡಿ.

ನೀಲಿ ಮಾಡುವಾಗ ಇನ್ನೊಂದು ವಿಷಯ. ಬ್ಲೀಚ್ ಆದ ಕೂದಲಲ್ಲಿ ಹಳದಿ ಉಳಿದಿರುತ್ತದೆ. ತಿಳಿ ನೀಲಿ ಅದರ ಮೇಲೆ ಕೂತಾಗ ಸ್ವಲ್ಪ ಹಸಿರಿಗೆ ತಿರುಗುತ್ತದೆ. ನಾಲ್ಕು ಸಲ ತೊಳೆದರೆ ಇನ್ನೂ ಜಾಸ್ತಿ. ಅಪ್ಪಟ ನೀಲಿ ಕೂದಲು ನಾನು ನೋಡಿದ್ದು ಬಣ್ಣ ಹಾಕಿದ ದಿನ ಮಾತ್ರ. ತುದಿಗೆ ಒಂಚೂರು ಹಸಿರು ಕೊಡಿ.

ಕತ್ತಲೆ ಕೋಣೆ (ಚಿಕ್ಕಮಗಳೂರು)

ಬೈತಲೆ ಮಾತು ಲಕ್ಷಕ್ಕೊಂದು. ಇಷ್ಟು ವರ್ಷದಲ್ಲಿ ನನಗೂ ಹೊಳೆದಿರಲಿಲ್ಲ.

ಹಸಿರಿನ ಮಾತು ಮಾತ್ರ ಒಪ್ಪಲಾರೆ. ಪೋಸ್ಟರಿನಲ್ಲಿ ಹಸಿರು ಬಂದರೆ ಜನ ಬಣ್ಣ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಮಾಯಾಜೀವಿಗೆ ಪಾರ್ಲರ್ ಲೆಕ್ಕ ಬೇಕಾ?

ಪಾರ್ಲರ್ ಅಕ್ಕ (ಚಿಕ್ಕಮಗಳೂರು)

ಮಾಯಾಜೀವಿಗೆ ಬುಡ ಕಪ್ಪು ಬೇಕು ಅಂದಾಗ ಒಪ್ಪಿದ್ರಲ್ಲ ಸರ್!

ಮೂರನೇ ಬೆಂಚು (ಹಾಸನ)

😂😂

ಹೇಮಾವತಿ ದಡ (ಹಾಸನ)

ನೀವಿಬ್ಬರೂ ಜಗಳ ಆಡಬೇಡಿ. ಎರಡೂ ಮಾಡಿ ನಿರ್ದೇಶಕರಿಗೆ ಕಳಿಸಿದೆ. ಅವರು ಇನ್ನೂ ಏನೂ ಹೇಳಿಲ್ಲ.

ನೀಲಿಯಲ್ಲಿ ನನಗೆ ಬೇರೆ ತೊಂದರೆ ಆಗಿದೆ. ಲೆಕ್ಕ ಎಲ್ಲ ಅದೇ. ಗೆರೆಯೂ ಇಲ್ಲ. ಆದರೆ ಹಾರುವ ಎಳೆಗಳು ಮಾಯ. ಬೂದು ಆಕಾಶದ ಮುಂದೆ ತಿಳಿ ನೀಲಿ, ಏನೂ ಕಾಣಲ್ಲ. ತಲೆ ಕತ್ತರಿಸಿ ಅಂಟಿಸಿದ ಹಾಗಿದೆ.

ಕತ್ತಲೆ ಕೋಣೆ (ಚಿಕ್ಕಮಗಳೂರು)

ಅದು ತಪ್ಪಲ್ಲ, ಅದು ನಿಜ. ತಿಳಿ ನೀಲಿ ಕೂದಲು ಮೋಡದ ಮುಂದೆ ನಿಂತರೆ ಕಣ್ಣಿಗೂ ಹಾಗೇ ಕಾಣುತ್ತದೆ. ಎಳೆಗಳಿಗೆ ಗಾಢ ನೀಲಿ ಹಾಕಿ ತೋರಿಸಲು ಹೋಗಬೇಡಿ, ಮತ್ತೆ ಪೆನ್ಸಿಲ್ ಗೆರೆ ಬರುತ್ತದೆ. ಆಕಾಶ ಇಳಿಸಿ. ನಿಮ್ಮ ಬಳಿ ಖಾಲಿ ಆಕಾಶದ ಲೇಯರ್ ಇದೆ, ಪಾಲಿನ ಮಾಸ್ಕ್ ಇದೆ. ಇನ್ನು ಹಳೆಯ ಫೋಟೋಗೆ ಕೂಡಿಸುವ ಅಗತ್ಯವೇ ಇಲ್ಲ. ಆಕಾಶವನ್ನು 230ರಿಂದ 120ರ ಸುತ್ತ ತನ್ನಿ, ಮಳೆ ಮೋಡ ಅನ್ನಿ. ಅದರ ಮೇಲೆ ನೀಲಿ ಕೂದಲನ್ನು ಅದೇ ಮಾಸ್ಕ್‌ನಲ್ಲಿ ಸಾದಾ Normal ಮೋಡ್‌ನಲ್ಲಿ ಇಡಿ. ಎಳೆಗಳು ಹೊತ್ತಿಕೊಂಡ ಹಾಗೆ ಎದ್ದು ಬರುತ್ತವೆ. ಮುಖದ ಬೆಳಕೂ ಸ್ವಲ್ಪ ಇಳಿಸಬೇಕಾಗುತ್ತದೆ, ಇಲ್ಲದಿದ್ದರೆ ಮೋಡ ಸುಳ್ಳು ಅನ್ನಿಸುತ್ತದೆ.

ಸಕಲೇಶಪುರದ ಮಳೆ

ನಾನು ಎಲ್ಲಾ ಓದಿದೆ. ಪರೀಕ್ಷೆ ಮಾಡಿಸಿದೆ ಅಕ್ಕ, ಎಳೆ ಪುಡಿ ಪುಡಿ ಆಯಿತು. ಹೇಮಾವತಿ ಅವರೇ, ನನ್ನದೊಂದು ಫೋಟೋ ಕಳಿಸಲಾ? ಬಿಳಿ ಗೋಡೆ ಮುಂದೆ ನಿಂತು ತೆಗೆಸಿಕೊಳ್ತೀನಿ.

ಹೇಮಾವತಿ ದಡ (ಹಾಸನ)

ಕಳಿಸಿ. ಗೋಡೆಗೆ ಒರಗಬೇಡಿ, ನಾಲ್ಕಡಿ ಮುಂದೆ ನಿಲ್ಲಿ. ಮೆಹಂದಿಯ ಕಪ್ಪಾದರೆ ಇನ್ನೂ ಒಳ್ಳೆಯದು.